ಉತ್ತರದ ಹಾಲ್‌ಗೆ ಗ್ರೇ ಹಚ್ಚಿಸಿದ್ವಿ, ಮಳಿ ಹಿಡಿದಾಗಿಂದ ಗೋಡೆ ನೀಲಿ ಕಾಣಾಕತ್ತೈತಿ. ಯಾಕ?

ತಿಲಕವಾಡಿ_ಮನಿ
ಎಲ್ಲಾರಿಗೂ ನಮಸ್ಕಾರ. ಬೆಳಗಾವಿಯೊಳಗ ನಮ್ಮದು ಹಳೀ ಮನಿ. ಮುಂದಿನ ಹಾಲ್ 14 ಅಡಿ ಉದ್ದ, 12 ಅಡಿ ಅಗಲ. ಎರಡೂ ಕಿಟಕಿ ಉತ್ತರಕ್ಕ ಅದಾವ. ಮೇ ಎರಡನೇ ವಾರ ಬಣ್ಣ ಹಚ್ಚಿಸಿದ್ವಿ. ಅಂಗಡಿಯೊಳಗ ಶೇಡ್ ಕಾರ್ಡ್ ನೋಡಿ ತಿಳಿ ಗ್ರೇ ಆರಿಸಿದ್ದು ನಾನ. ಹಚ್ಚಿದಾಗ ಭಾಳ ಚಂದ ಕಂಡಿತ್ತು, ನೋಡಿದ ಇಬ್ಬರು ಶೇಡ್ ನಂಬರ್ ಬರಕೊಂಡು ಹೋಗ್ಯಾರ.

ಜೂನ್ ನಡುವ ಮಳಿ ಹಿಡೀತು. ಅವತ್ತಿಂದ ಅದೇ ಗೋಡೆ ಒಂದು ನಮೂನಿ ನೀಲಿ ಹೊಡಿಯಾಕತ್ತೈತಿ. ಮಧ್ಯಾಹ್ನ ಮೂರಕ್ಕ ಲೈಟ್ ಹಾಕಿದ್ರ ಇನ್ನೂ ಬಿಕೋ ಅನ್ನತೈತಿ. ನಮ್ಮ ಅತ್ತಿಯವರು "ದವಾಖಾನಿ ವಾರ್ಡಿನಾಗ ಕುಂತಂಗ ಆಗತೈತಿ ನೋಡವಾ" ಅಂದ್ರು. ಹೋದ ವಾರ ತಮ್ಮ ಕುರ್ಚಿ ಎತ್ತಿಕೊಂಡು ಅಡಗಿಮನಿ ಬಾಗಲ ಹತ್ರ ಹಾಕ್ಕೊಂಡಾರ. ಅದು ನನಗ ಭಾಳ ಮನಸ್ಸಿಗೆ ಹತ್ತೈತಿ.

ಬಾಗಲು, ಕಿಟಕಿ ಚೌಕಟ್ಟು ಎಲ್ಲಾ ಸಾಗವಾನಿ, ಪಾಲಿಶ್ ಮಾಡಿದ್ದು. ನೆಲ ತಿಳಿ ಕೆನೆಬಣ್ಣದ ಟೈಲ್ಸ್. ಪೇಂಟರ್ ಹೇಳ್ತಾನ, "ಉಳಿದ ಡಬ್ಬಿಗೆ ಸ್ವಲ್ಪ ಹಳದಿ ಸ್ಟೇನರ್ ಹಾಕಿ ಒಂದು ಕೋಟ್ ಹೊಡೀತೀನಿ, ಬೆಚ್ಚಗ ಕಾಣತೈತಿ" ಅಂತ. ಹಾಕಿಸಲೇನು? ಒಂದೇ ಬಣ್ಣ ಮೇ ತಿಂಗಳಾಗ ಒಂದು, ಜುಲೈದಾಗ ಇನ್ನೊಂದು ಹೆಂಗ ಆತು?

ವಡಗಾವಿ_ಮಗ್ಗ
ಗ್ರೇ ಅಂದ್ರ ಹಂಗ ಅಕ್ಕಾರ. ನಾ ಮೊದಲಿಂದ ಕ್ರೀಮ್ ಬಿಟ್ಟು ಬ್ಯಾರೆ ಹಚ್ಚಿಸಿಲ್ಲ.

ನವನಗರ_ಸೈಟ್
ಬಾಗಲಕೋಟೆಯಿಂದ. ನಾನು ಸಿವಿಲ್ ಕೆಲಸ ಮಾಡ್ತೀನಿ. ಗ್ರೇ ಎಂದರೆ ಬಿಳಿಗೆ ಕಪ್ಪು ಸೇರಿಸಿದ್ದು, ಅಷ್ಟೇ. ಅದರಲ್ಲಿ ಬೆಚ್ಚನೆಯದು, ತಣ್ಣನೆಯದು ಅಂತ ಇರುವುದಿಲ್ಲ, ಅದು ಕಂಪನಿಯವರು ಶೇಡ್ ಮಾರಲು ಇಟ್ಟ ಹೆಸರು. ನಿಮ್ಮ ಸಮಸ್ಯೆ ಬೆಳಕಿನದು. ಬಲ್ಬ್ ಬದಲಿಸಿ, ಬಣ್ಣ ಮುಟ್ಟಬೇಡಿ.

ಇಂಡಿ_ನಿಂಬಿ
ನಮಗ ಅಂಥಾ ಬಣ್ಣನ ಬೇಕಾಗ್ಯದ ರೀ. ಇಲ್ಲಿ ಏಪ್ರಿಲ್‌ದಾಗ ಮನಿಯೊಳಗ ಕೂಡಾಕ ಆಗಂಗಿಲ್ಲ. ಕೂಲ್ ಗ್ರೇ ಹಚ್ಚಿದ್ರ ಖೋಲಿ ಎಷ್ಟು ಡಿಗ್ರಿ ತಂಪಾಗತದ? ಮಾಳಿಗಿ ಮ್ಯಾಲೂ ಹಚ್ಚಬಹುದೇನು?

ಡಬ್ಬಿ_ಮುಚ್ಚಳ
ಇಂಡಿಯವರ, ಒಂದು ಡಿಗ್ರಿನೂ ತಂಪಾಗಂಗಿಲ್ಲ. ಇಲ್ಲಿ ತಣ್ಣಗ ಅನ್ನೋದು ಕಣ್ಣಿಗೆ ಅನಿಸೋದು, ಥರ್ಮಾಮೀಟರಿಗೆ ಗೊತ್ತಾಗೋದಲ್ಲ. ಮಾಳಿಗಿಗೆ ಗ್ರೇ ಹಚ್ಚಿದ್ರಂತೂ ಬಿಸಲು ಹೀರಿ ಇನ್ನೂ ಕಾಯತದ. ಅಲ್ಲಿ ಬಿಳೇದ ಬೇಕು.

ಈಗ ತಿಲಕವಾಡಿ ಅಕ್ಕಾರಿಗೆ. ನಾ ವಿಜಯಪುರದಾಗ ಬಣ್ಣದ ಅಂಗಡಿಯೊಳಗ ಟಿಂಟಿಂಗ್ ಮಷಿನ್ ಮುಂದ 19 ವರ್ಷ ನಿಂತೀನಿ. ನವನಗರದ ಸರ್ ಹೇಳಿದ್ದು ಅರ್ಧ ಖರೆ. ಬೆಳಕಿನ ಮಾತು ಖರೆ. ಆದ್ರ "ಬಿಳಿ, ಕಪ್ಪು ಅಷ್ಟೇ" ಅನ್ನೋದು ತಪ್ಪು. ಮೊದಲನೇದು, ಬರೇ ಬಿಳಿ ಬೇಸ್ ಬಣ್ಣಕ್ಕ ಬರೇ ಕರಿ ಹಾಕಿದ್ರೂ ಬರೋ ಗ್ರೇ ನಟ್ಟನಡುವ ನಿಲ್ಲಂಗಿಲ್ಲ, ನೀಲಿ ಕಡೆ ವಾಲತದ. ಮಷಿನ್‌ದಾಗಿನ ಕರಿ ಅಂದ್ರ ಭಾಳ ಸಣ್ಣ ಕಾಡಿಗಿ ಪುಡಿ. ಅದನ್ನ ಬಿಳಿಯೊಳಗ ತೆಳುವು ಮಾಡಿದ್ರ ನೀಲಿ ಛಾಯೆ ಹೊರಗ ಬರತದ. ಪುಟ್ಟಿ ಹಚ್ಚಿದ ಹಲಗಿ ಮ್ಯಾಲೆ ಒಂದು ಪಟ್ಟಿ ಎಳದು ನೋಡ್ರಿ, ನೀವ ಒಪ್ಪತೀರಿ. ಎರಡನೇದು, ಕಂಪನಿ ಶೇಡಿನಾಗ ಬರೇ ಕರಿ ಇರೋದು ಭಾಳ ಕಡಿಮಿ. ಒಂದ್ರಾಗ ಮ್ಯಾಲಿಂದ ನೀಲಿ ಇಲ್ಲಾ ವೈಲೆಟ್ ಹಾಕಿರತಾರ, ಅದು ಕೂಲ್. ಇನ್ನೊಂದ್ರಾಗ ಯೆಲ್ಲೋ ಆಕ್ಸೈಡ್, ರೆಡ್ ಆಕ್ಸೈಡ್ ಹಾಕಿರತಾರ, ಅದು ವಾರ್ಮ್. ಬರೇ ಹೆಸರಿನ ವ್ಯತ್ಯಾಸ ಅಲ್ಲ ಸರ್, ಡಬ್ಬಿಯೊಳಗಿನ ವ್ಯತ್ಯಾಸ.

ಅಕ್ಕಾರ, ನಿಮ್ಮ ಡಬ್ಬಿ ಮುಚ್ಚಳದ ಮ್ಯಾಲೆ ಒಂದು ಚೀಟಿ ಅಂಟಿಸಿರತಾರ. ಅದರಾಗ ಯಾವ್ಯಾವ ಬಣ್ಣ ಎಷ್ಟೆಷ್ಟು ಬಿದ್ದಾವ ಅಂತ ಇದ್ರ ಇಲ್ಲಿ ಬರೀರಿ.

ತಿಲಕವಾಡಿ_ಮನಿ
ಇದ್ದದ್ದು ಛಲೋ ಆತು, ಡಬ್ಬಿ ಇನ್ನೂ ಹಿತ್ತಲದಾಗ ಐತಿ. 4 ಲೀಟರಿಗೆ ಕಪ್ಪು 14 ಮಿಲಿ, ನೀಲಿ 3, ವೈಲೆಟ್ 1. ಅಷ್ಟ. ಹಳದಿ, ಕೆಂಪು ಏನೂ ಇಲ್ಲ.

ಡಬ್ಬಿ_ಮುಚ್ಚಳ
ಅಲ್ಲೇ ಅದ ನೋಡ್ರಿ. ಮೊದಲ ನೀಲಿ ಕಡೆ ವಾಲೋ ಕರಿ, ಅದಕ್ಕ ಮ್ಯಾಲ 3 ಮಿಲಿ ನೀಲಿ. ನಿಮ್ಮದು ಶುದ್ಧ ಕೂಲ್ ಗ್ರೇ. ಕಾರ್ಡಿನ ಮ್ಯಾಲೆ ಒಂದು ಇಂಚಿನ ತುಣುಕಿನಾಗ ಇದು ಕಾಣಂಗಿಲ್ಲ. ನಾಲ್ಕು ಗೋಡೆ ಹಚ್ಚಿದ ಮ್ಯಾಲೆ ಒಂದು ಗೋಡೆ ಇನ್ನೊಂದಕ್ಕ ತನ್ನ ಬಣ್ಣ ಚೆಲ್ಲತದ, ಆಗ ಎದ್ದು ಕಾಣತದ.

ಅಂಗಡಿಯೊಳಗ ನಾ ಗಿರಾಕಿಗೆ ಹೇಳೋದು ಒಂದ. ನಿಮಗ ಬೇಕಾದ ತಿಳಿ ಶೇಡ್ ನೋಡಬ್ಯಾಡ್ರಿ, ಅದೇ ಪಟ್ಟಿಯ ಕಡೀ ತುದಿಗಿನ ಕಡು ಶೇಡ್ ನೋಡ್ರಿ. ಸಾಮಾನ್ಯವಾಗಿ ಒಂದು ಪಟ್ಟಿ ಒಂದ ಮನಿತನದ್ದು ಇರತದ. ಕೆಳಗಿಂದು ಮೋಡದ ನೀಲಿ ಇದ್ರ ಮ್ಯಾಲಿಂದೂ ಅದ. ಕೆಳಗಿಂದು ಹಸೀ ಮಣ್ಣಿನಂಗ, ಅಣಬಿ ಬಣ್ಣದಂಗ ಇದ್ರ ಮ್ಯಾಲಿಂದು ವಾರ್ಮ್.

ಬಿಳಿ_ಕಾಗದ
ಇನ್ನೂ ಸುಲಭದ ದಾರಿ ಇದೆ. ಬಿಳಿ ಎ4 ಹಾಳೆಯನ್ನು ಗೋಡೆಗೆ ಹಿಡಿದು ನೋಡಿ. ಪಕ್ಕದಲ್ಲಿ ಬಿಳಿ ಬಂದ ಕೂಡಲೇ ಗ್ರೇ ತನ್ನ ಒಳಬಣ್ಣ ತೋರಿಸುತ್ತದೆ.

ಕಪ್ಪುಬಿಳುಪು_ಫೋಟೋ
ಹೌದು, ಆದರೆ ಒಂದು ಎಚ್ಚರಿಕೆ. ಝೆರಾಕ್ಸ್ ಹಾಳೆಗೆ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಹಗಲು ಬೆಳಕಿನಲ್ಲಿ ಆ ಹಾಳೆಯೇ ಸ್ವಲ್ಪ ನೀಲಿ. ಅದರ ಪಕ್ಕ ನಟ್ಟನಡುವಿನ ಗ್ರೇ ಕೂಡ ಹಳದಿ ಅನ್ನಿಸಬಹುದು. ಹಾಳೆಯ ಪಕ್ಕದಲ್ಲೂ ನೀಲಿಯೇ ಕಂಡರೆ ಅದು ಖಂಡಿತ ಕೂಲ್. ಹಳದಿ ಕಂಡರೆ ಮಾತ್ರ ಕೂಡಲೇ ನಂಬಬೇಡಿ.

ಇನ್ನೊಂದು ಮಾತು, ಮೊಬೈಲ್‌ನಲ್ಲಿ ಫೋಟೋ ತೆಗೆದು ಬಣ್ಣ ನಿರ್ಧರಿಸಬೇಡಿ. ಕ್ಯಾಮೆರಾ ತಾನೇ ಬಿಳಿಯನ್ನು ಸರಿಪಡಿಸಿಕೊಳ್ಳುತ್ತದೆ. ನಿಮ್ಮ ನೀಲಿ ಹಾಲ್ ಫೋಟೋದಲ್ಲಿ ಸಾದಾ ಗ್ರೇ ಆಗಿ ಬಂದರೆ ಆಶ್ಚರ್ಯವಿಲ್ಲ.

ತಿಲಕವಾಡಿ_ಮನಿ
ಅಯ್ಯ, ಅದಕ್ಕ ಇವರು ಪುಣೆಯಿಂದ ಫೋಟೋ ನೋಡಿ "ಚಂದ ಐತಲ್ಲ" ಅಂದ್ರೇನು! ಹಾಳಿ ಹಿಡದು ನೋಡಿದೆ. ನೀಲಿ, ಅನುಮಾನ ಇಲ್ಲ. ಆದ್ರ ಮೇ ತಿಂಗಳಾಗ ಯಾಕ ಕಾಣಲಿಲ್ಲ, ಅದನ್ನ ಯಾರೂ ಹೇಳಲಿಲ್ಲ.

ನವನಗರ_ಸೈಟ್
ಮುಚ್ಚಳದ ಕಾಕಾ ಹೇಳಿದ್ದನ್ನು ಇವತ್ತು ಸೈಟಿನಲ್ಲಿ ಮಾಡಿ ನೋಡಿದೆ. ಬಿಳಿ ಎಮಲ್ಷನ್‌ಗೆ ಬರೀ ಕಪ್ಪು ಸ್ಟೇನರ್ ಎರಡು ಹನಿ. ನೀಲಿ ಛಾಯೆ ಬಂತು. ನನ್ನ ಮೊದಲಿನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಮೇ ತಿಂಗಳ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ, ಅದು ನಮ್ಮ ಕೆಲಸದ್ದೇ. ಬೆಳಗಾವಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಹುಟ್ಟುವುದು, ಮುಳುಗುವುದು ಕೂಡ ಉತ್ತರಕ್ಕೆ ಸರಿದಿರುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ನಿಮ್ಮ ಉತ್ತರದ ಕಿಟಕಿಗೆ ಓರೆಯಾಗಿ ನೇರ ಬಿಸಿಲು ಬಿದ್ದಿರುತ್ತದೆ, ಅದೂ ಹಳದಿ ಬಿಸಿಲು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ಉತ್ತರದ ಕಿಟಕಿಗೆ ಬರುವುದು ಬರೀ ಆಕಾಶದ ಬೆಳಕು. ಜೂನ್, ಜುಲೈಯಲ್ಲೂ ಸೂರ್ಯ ಆ ಕಡೆಯೇ ಇದ್ದಾನೆ, ಆದರೆ ನಿಮ್ಮೂರಿನ ಮೋಡ ಅವನನ್ನು ಬಿಡುತ್ತಿಲ್ಲ. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗುತ್ತದೆ, ಆಗ ಬಿಸಿಲು ಪೂರ್ತಿ ದಕ್ಷಿಣಕ್ಕೆ. ಉತ್ತರದ ಕಿಟಕಿಗೆ ನೀಲಿ ಆಕಾಶ ಮಾತ್ರ, ಅದು ಮೋಡಕ್ಕಿಂತಲೂ ನೀಲಿ. ಹಾಗಾಗಿ ಮಳೆ ನಿಂತರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ.

ತಿಲಕವಾಡಿ_ಮನಿ
ಸರ್, ಇದು ಬರೋಬ್ಬರಿ ಕೂಡತೈತಿ. ಬಣ್ಣ ಹಚ್ಚೋ ಮುಂದ ಸಂಜಿ ಐದಕ್ಕ ಬಿಸಲು ಗೋಡಿ ಮ್ಯಾಲೆ ಒಂದು ಕೋಲಿನಂಗ ಬಿದ್ದಿರತಿತ್ತು. ಇನ್ನೊಂದು ನೆನಪಾತು. ಕಿಟಕಿ ಮುಂದಿನ ಅಂಗಳ ಮೇ ತಿಂಗಳಾಗ ಒಣಾ ಕೆಂಪು ಮಣ್ಣು. ಈಗ ಅಲ್ಲೆಲ್ಲಾ ಹುಲ್ಲು ಮೊಣಕಾಲುದ್ದ ಬೆಳದೈತಿ.

ನವನಗರ_ಸೈಟ್
ಅದೂ ಒಂದು ಕಾರಣವೇ. ಕೆಂಪು ಮಣ್ಣಿನಿಂದ ಪುಟಿದ ಬೆಳಕು ಒಳಗೆ ಬರುತ್ತಿತ್ತು, ಈಗ ಹುಲ್ಲಿನಿಂದ ಪುಟಿದದ್ದು ಬರುತ್ತಿದೆ. ಸೂರಿನ ಕೆಳಭಾಗ ನೋಡಿ, ಹಸಿರು ಛಾಯೆ ಅಲ್ಲಿ ಮೊದಲು ಗೊತ್ತಾಗುತ್ತದೆ.

ಕುಂದಾ_ಪ್ರೇಮಿ
ತಿಲಕವಾಡಿಯೊಳಗ ಈಗೂ ಮಳಿ ಐತೇನ್ರಿ? ನಾವು ನಾಳೆ ಬರಾವ್ರು, ಛತ್ರಿ ತರಬೇಕೇನು?

ವಡಗಾವಿ_ಮಗ್ಗ
ಛತ್ರಿ ಸಾಲಂಗಿಲ್ಲ, ರೇನ್‌ಕೋಟ್ ತರ್ರಿ.

ಇಳಕಲ್_ಸೆರಗು
ನಾವು ನೇಯೋರು, ಗೋಡಿ ಬಣ್ಣ ನಮಗ ಗೊತ್ತಿಲ್ಲ, ನೂಲಿನ ಬಣ್ಣ ಗೊತ್ತು. ಅಕ್ಕಾರು ಬರದ ಸಾಗವಾನಿ ಬಾಗಲದ ಬಗ್ಗೆ ಯಾರೂ ಏನೂ ಅನ್ನಲಿಲ್ಲ, ಅದಕ್ಕ ಬರೀತೀನಿ.

ಒಂದ ಲಡಿಯ ಬೂದು ನೂಲು ತಗೊಂಡು ಎರಡು ಸೀರಿ ಮಾಡಿದ್ವಿ. ಒಂದಕ್ಕ ನಮ್ಮ ರೂಢಿಯ ಕೆಂಪು ಸೆರಗು, ಇನ್ನೊಂದಕ್ಕ ಗಿರಾಕಿ ಕೇಳಿದಂಗ ಕಿತ್ತಳಿ ಹಳದಿ ಅಂಚು. ಕೆಂಪಿನ ಪಕ್ಕ ಆ ಬೂದು ಹಸರು ಹೊಡದಂಗ ಕಂಡಿತು, ಕಿತ್ತಳಿ ಪಕ್ಕ ನೀಲಿ ಆತು. ಗಿರಾಕಿ ಬಂದು "ನಾ ಹೇಳಿದ ನೂಲು ಅಲ್ಲ ಇದು" ಅಂತ ಜಗಳಾನ ತಗದ್ರು. ಎರಡು ಸೀರಿಯಿಂದ ಒಂದೊಂದು ಎಳಿ ಬಿಚ್ಚಿ ಅಂಗೈ ಮ್ಯಾಲೆ ಇಟ್ಟು ತೋರಿಸಿದ ಮ್ಯಾಲೆ ಸುಮ್ಮನಾದ್ರು. ಬೂದು ಪಾಪದ ಬಣ್ಣ. ಮಗ್ಗಲದಾಗ ಯಾರು ಕುಂತಾರೋ ಅವರ ಎದುರಿನ ಬಣ್ಣಕ್ಕ ಹೋಗತದ. ಪಾಲಿಶ್ ಮಾಡಿದ ಸಾಗವಾನಿ ಅಂದ್ರ ಕಿತ್ತಳೀನ ಅಲ್ಲೇನು? ಅದರ ಮಗ್ಗಲದಾಗ ನಿಮ್ಮ ಗೋಡಿ ಮತ್ತಷ್ಟು ನೀಲಿ ಕಾಣಬೇಕ.

ಡಬ್ಬಿ_ಮುಚ್ಚಳ
ಇಳಕಲ್ಲಿನವರು ಹೇಳಿದ್ದು ನೂರಕ್ಕ ನೂರು. ಚೌಕಟ್ಟಿಗೆ ಹತ್ತಿದ ಒಂದು ಗೇಣು ಗೋಡಿ ನೋಡ್ರಿ, ಉಳಿದ ಗೋಡಿಗಿಂತ ನೀಲಿ ಅನಸತದ.

ಹಳೇ_ಸುಣ್ಣ
ನನಗ 71 ವಯಸ್ಸು. ನಮ್ಮ ಅವ್ವ ದೀಪಾವಳಿಗೆ ಸುಣ್ಣ ಹಚ್ಚೋ ಮುಂದ ಬಕೆಟ್ಟಿಗೆ ಅರಿವಿಗೆ ಹಾಕೋ ನೀಲಿ ಹಾಕತಿದ್ದಳು. ತುಸು ಹಾಕಿದ್ರ ಸುಣ್ಣದ ಹಳದಿ ಹೋಗಿ ಹಾಲಿನಂಗ ಬೆಳ್ಳಗಾಗತಿತ್ತು. ಒಂದು ವರ್ಷ ಅಣ್ಣ ಪುಡಿ ಜಾಸ್ತಿ ಸುರವಿದ, ಪಡಸಾಲಿ ಪೂರಾ ನೀಲಿ ಆತು. ಅವ್ವ ಸಿಟ್ಟಾಗಲಿಲ್ಲ. ಹಿತ್ತಲದಿಂದ ಒಂದು ಹಿಡಿ ಕೆಮ್ಮಣ್ಣು ತಂದು ನೆನಸಿ, ಅರಿವ್ಯಾಗ ಸೋಸಿ, ಮುಂದಿನ ಬಕೆಟ್ಟಿಗೆ ಕಲಸಿದಳು. ಸರಿ ಹೋತು. ಆಗ ಯಾಕಂತ ಗೊತ್ತಿರಲಿಲ್ಲ. ನಿಮ್ಮ ರೆಡ್ ಆಕ್ಸೈಡ್ ಅಂದ್ರ ಅದ ಅಲ್ಲೇನು?

ಡಬ್ಬಿ_ಮುಚ್ಚಳ
ಅದ ಕಾಕಾ! ಕೆಮ್ಮಣ್ಣಿಗೆ ಕೆಂಪು ಕೊಡೋದು ಕಬ್ಬಿಣದ ಆಕ್ಸೈಡ್, ಸ್ಟೇನರ್ ಬಾಟ್ಲಿಯೊಳಗ ಇರೋದೂ ಅದ. ಮತ್ತ ನಿಮ್ಮ ಅವ್ವ ಹಳದಿ ಹಾಕಲಿಲ್ಲ, ಕೆಮ್ಮಣ್ಣು ಹಾಕಿದ್ರು. ಇಲ್ಲೇ ಅಕ್ಕಾರ ಪೇಂಟರ್ ತಪ್ಪಾಕತ್ಯಾನ.

ಅಕ್ಕಾರ, ಬರೇ ಹಳದಿ ಸ್ಟೇನರ್ ಹಾಕಿಸಬ್ಯಾಡ್ರಿ. ನಿಮ್ಮ ಡಬ್ಬಿಯೊಳಗ ನೀಲಿ ಅದ, ನೀಲಿಗೆ ಹಳದಿ ಬಿದ್ರ ಹಸರು. ಬರೇ ಕರಿ ಇದ್ರೂ ಹಳದಿ ಹಾಕಿದ್ರ ಪಾಚಿ ಹಸರು ಬರತದ. ಈ ಕೆಲಸ ಕೆಟ್ಟು ನನ್ನ ಕಡೆ ಬಂದ ಬಕೆಟ್ ಲೆಕ್ಕ ಇಲ್ಲ. ನೀಲಿ ಕೊಲ್ಲೋದು ಕಿತ್ತಳಿ, ಅಂದ್ರ ಹಳದಿ ಜೋಡಿ ಸ್ವಲ್ಪ ಕೆಂಪು.

ನೋಡಬೇಕಂದ್ರ ಹಿಂಗ ಮಾಡ್ರಿ. ಔಷಧ ಅಂಗಡಿಯಿಂದ 1 ಮಿಲಿ ಸಿರಿಂಜ್ ತರ್ರಿ, ಬಾಟ್ಲಿಯಿಂದ ಅಂದಾಜಿನ ಮ್ಯಾಲೆ ಸುರವಬ್ಯಾಡ್ರಿ. ಎರಡು ಲೋಟಕ್ಕ 200 ಮಿಲಿಯಂತೆ ಬಣ್ಣ ಹಾಕ್ರಿ. ಒಂದಕ್ಕ ಬರೇ ಯೆಲ್ಲೋ ಆಕ್ಸೈಡ್ 0.4 ಮಿಲಿ. ಇನ್ನೊಂದಕ್ಕ ಯೆಲ್ಲೋ 0.3, ರೆಡ್ ಆಕ್ಸೈಡ್ 0.1. ಐದು ನಿಮಿಷ ತಿರುವ್ರಿ. ಎರಡು ಹಲಗಿಗೆ ಎರಡೆರಡು ಕೋಟ್ ಹಚ್ಚಿ ಪೂರಾ ಒಣಗಿದ ಮ್ಯಾಲೆ ನೋಡ್ರಿ, ಹಸೀ ಇದ್ದಾಗ ಬಣ್ಣ ತಿಳಿ ಕಾಣತದ. ಹಲಗಿ ಎರಡು ಅಡಿಗಿಂತ ಸಣ್ಣದು ಬ್ಯಾಡ.

ಘಟಪ್ರಭಾ_ದಂಡಿ
ಎಲ್ಲರೂ ವಾರ್ಮ್ ಗ್ರೇ ಅಂದ್ರೆ ಅಮೃತ ಅನ್ನೋ ಹಾಗೆ ಬರೀತಿದೀರಿ. ನಮ್ಮ ಮನೆ ಪಶ್ಚಿಮಕ್ಕೆ. ಹೋದ ವರ್ಷ ವಾರ್ಮ್ ಗ್ರೇ ಹಚ್ಚಿಸಿದೆವು. ಸಂಜೆ ಬಿಸಿಲು ಬಂದರೆ ಗೋಡೆ ಗುಲಾಬಿ, ರಾತ್ರಿ ಹಳದಿ ಬಲ್ಬ್ ಹಾಕಿದರೆ ಕೆಸರು. ಮಗಳು "ಗೋಡೆ ತೊಳಿಯೋಣ ಅಮ್ಮಾ" ಅಂತಾಳೆ. ನನಗೆ ಕೂಲ್ ಗ್ರೇನೇ ಬೇಕಿತ್ತು.

ಡಬ್ಬಿ_ಮುಚ್ಚಳ
ನಿಮ್ಮ ಮನಿಗೆ ಅದ ಸರಿ ಇತ್ತು ಅಕ್ಕಾರ. ಪಶ್ಚಿಮದ ಬಿಸಲ ಹಳದಿ, ಬಲ್ಬ್ ಹಳದಿ, ಬಣ್ಣನೂ ಹಳದಿ, ಮೂರೂ ಕೂಡಿದ್ರ ಕೆಸರು ಆಗದ ಇನ್ನೇನು ಆಗತದ? ಗುಲಾಬಿ ಕಂಡ್ರ ನಿಮ್ಮ ಶೇಡಿನಾಗ ಕೆಂಪು ಜಾಸ್ತಿ ಅದ ಅಂತ ತಿಳೀರಿ. ರಾತ್ರಿಗೆ ಮೊದಲ ಬಲ್ಬ್ ಬದಲಿ ಮಾಡಿ ನೋಡ್ರಿ.

ಘಟಪ್ರಭಾ_ದಂಡಿ
ಮಾಡಿದೆ, ಬಿಳಿ ಬಲ್ಬ್ ಹಾಕಿದೆ. ಈಗ ಊಟದ ತಾಟಿನ ಅನ್ನ ಬಿಟ್ಟು ಏನೂ ಚಂದ ಕಾಣಲ್ಲ. ನಾನು ಒಪ್ಪಲ್ಲ, ತಪ್ಪು ಶೇಡಿನದು.

ಇಂಡಿ_ನಿಂಬಿ
ಬಲ್ಬಿನ ಮಾತು ಬಂತು, ಕೇಳತೀನಿ. ಡಬ್ಬಿ ಮ್ಯಾಲೆ 6500 ಕೆ, 3000 ಕೆ ಅಂತ ಇರತದ. 6500 ಜಾಸ್ತಿ, ಅದು ಬೆಚ್ಚಗ ಇರಬೇಕಲ್ಲ? ನಾ ಹಂಗ ತಿಳಕೊಂಡ ಮನಿ ತುಂಬ 6500 ಹಾಕೀನಿ.

ನವನಗರ_ಸೈಟ್
ಉಲ್ಟಾ. ಕಮ್ಮಾರನ ಕುಲುಮೆ ನೋಡಿದ್ದೀರಲ್ಲ? ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾಯಿಸಿದರೆ ಹಳದಿ, ಆಮೇಲೆ ಬೆಳ್ಳಗೆ. ಆ ಲೆಕ್ಕವನ್ನೇ ಮುಂದುವರಿಸಿದರೆ ನೀಲಿ. ಸಂಖ್ಯೆ ಹೆಚ್ಚಾದಷ್ಟೂ ಬೆಳಕು ನೀಲಿ ಕಡೆ ಹೋಗುತ್ತದೆ. 3000 ಅಂದರೆ ಹಳದಿ ಬೆಳಕು, 4000 ನಡುವಿನದು, 6500 ಮೋಡದ ಹಗಲಿನಂತೆ.

ತಿಲಕವಾಡಿ ಅಕ್ಕ, ನಿಮ್ಮ ಹಾಲ್‌ನಲ್ಲಿ ಯಾವುದು? ಎಷ್ಟು ವ್ಯಾಟ್?

ತಿಲಕವಾಡಿ_ಮನಿ
20 ವ್ಯಾಟಿನ ಎಲ್‌ಇಡಿ ಪಟ್ಟಿ ಒಂದ, ಡಬ್ಬಿ ಮ್ಯಾಲೆ 6500 ಅಂತ ಐತಿ.

ನವನಗರ_ಸೈಟ್
ಅಷ್ಟು ದೊಡ್ಡ ಕೋಣೆಗೆ ಒಂದೇ ದೀಪ ಕಡಿಮೆ. ನೀಲಿ ಬೆಳಕು ಮಂದವಾಗಿದ್ದರೆ ಮಳೆಗಾಲದ ಸಂಜೆಯ ಹಾಗೆ ಮಂಕು ಅನ್ನಿಸುತ್ತದೆ. ಅದೇ 6500 ಜೋರಾಗಿದ್ದರೆ ಅಷ್ಟು ಬೇಸರ ಆಗುವುದಿಲ್ಲ, ಹಳದಿ ಬೆಳಕು ಮಂದವಿದ್ದರೂ ನಡೆಯುತ್ತದೆ. ಮೊದಲು 3000 ಅಥವಾ 4000ದ ಎರಡು ದೀಪ ಹಾಕಿ ಒಂದು ವಾರ ನೋಡಿ. ಖರ್ಚು ಕಡಿಮೆ, ಬೇಡವಾದರೆ ತೆಗೆಯಬಹುದು.

ಗುಮ್ಮಟದ_ನೆರಳು
ಗೋಳಗುಮ್ಮಟದ ಕಲ್ಲು ಕರಿ ಬೂದು. ಆದ್ರ ಸಂಜಿ ಬಿಸಲಿಗೆ ಆ ಗೋಡಿ ಎಷ್ಟು ಬೆಚ್ಚಗ ಕಾಣತದ! ಮೋಡ ಆದ ದಿನ ಅದ ಗೋಡಿ ಸೀಸದಂಗ. ನಾ ದಿನಾ ಅದರ ಮುಂದ ಹಾದು ಹೋಗತೀನಿ, ಇದು ಓದಿದ ಮ್ಯಾಲೆ ಯಾಕಂತ ತಿಳೀತು.

ತಿಲಕವಾಡಿ_ಮನಿ (11 ದಿನದ ಮ್ಯಾಲೆ)
ಎಲ್ಲಾ ಮಾಡಿ ನೋಡಿದೆ, ಬರೀತೀನಿ.

ಬಲ್ಬ್: ಮೊದಲ 3000 ಹಾಕಿದೆ, ಸಾಗವಾನಿ ಚಂದ ಆತು, ಆದ್ರ ಗೋಡಿ ಒಂದು ಥರಾ ಮಾಸಲು ಹಸರು. 4000 ಹಾಕಿದೆ, ಎರಡು ಕಡೆ. ರಾತ್ರಿ ಈಗ ಛಲೋ ಐತಿ. ಅತ್ತಿಯವರು ಸೀರಿಯಲ್ ನೋಡಾಕ ಹಾಲ್‌ಗೆ ಬರಾಕತ್ಯಾರ, ಹಗಲ ಇನ್ನೂ ಬರಂಗಿಲ್ಲ.

ಹಲಗಿ: ಮುಚ್ಚಳದ ಕಾಕಾರ ಲೆಕ್ಕದಂಗ ಎರಡು ಮಾಡಿದೆ. ಬರೇ ಹಳದಿ ಹಾಕಿದ್ದು ಒಣಗಿದ ಮ್ಯಾಲೆ ಪಿಸ್ತಾ ಆತು. ಪೇಂಟರಿಗೆ ತೋರಿಸಿದೆ, ಅವನೂ ನೋಡಿ ಸುಮ್ಮನಾದ. ಕೆಂಪು ಕೂಡಿಸಿದ್ದು ಗೋಡಿ ಪಕ್ಕ ಇಟ್ಟ ಕೂಡಲೇ ಗೋಡಿನ ನೀಲಿ, ಹಲಗಿ ಗ್ರೇ ಅನಿಸಿತು. ಆದ್ರ ಮೊದಲಿನಕಿಂತ ಒಂದು ತೂಕ ಕಪ್ಪಾಗೈತಿ. ಅದು ಸರೀನೇನು?

ಡಬ್ಬಿ_ಮುಚ್ಚಳ
ಸರಿ ಅದ. ಬಿದ್ದ ಬಣ್ಣ ತಗಿಯಾಕ ಬರಂಗಿಲ್ಲ ಅಕ್ಕಾರ, ಮ್ಯಾಲೆ ಇನ್ನೊಂದು ಹಾಕಿ ಮುಚ್ಚೋದಷ್ಟ. ಹಾಕಿದಷ್ಟೂ ಬೆಳಕು ಹೀರತದ. ಉತ್ತರದ ಖೋಲಿಗೆ ಅದು ಒಳ್ಳೇದಲ್ಲ. ಅದಕ್ಕ ಉಳಿದ ಡಬ್ಬಿ ತಿದ್ದಿ ಹಚ್ಚೋದು ಬಿಡ್ರಿ. ಕಿಟಕಿ, ಬಾಗಲು ಬಿಟ್ಟು ನಿಮ್ಮ ಹಾಲ್ ಗೋಡಿ ಸುಮಾರು 460 ಚದರಡಿ ಆಗತದ, ಎರಡು ಕೋಟ್ ಹಚ್ಚಾಕ 4 ಲೀಟರ್ ಸಾಕು. ಹೊಸಾ ಬಿಳೀ ಬೇಸ್ ತಗೊಂಡು ಯೆಲ್ಲೋ ಆಕ್ಸೈಡ್, ರೆಡ್ ಆಕ್ಸೈಡ್ ಇರೋ ತಿಳಿ ಶೇಡ್ ಮಷಿನ್ ಮ್ಯಾಲೆ ಮಾಡಿಸ್ರಿ. ಮಾಡಿಸೋಕಿಂತ ಮೊದಲ ಚೀಟಿಯೊಳಗ ನೀಲಿ ಇಲ್ಲ ಅಂತ ನೋಡ್ರಿ. ಮಳಿಗಾಲದಾಗ ಹಚ್ಚಬ್ಯಾಡ್ರಿ, ಗೋಡಿ ಹಸೀ ಇರತದ.

ಇಳಕಲ್_ಸೆರಗು
ಹಚ್ಚೋ ಮೊದಲ ಹಲಗಿ ಸಾಗವಾನಿ ಚೌಕಟ್ಟಿಗೆ ಹತ್ತಿಸಿ ಇಟ್ಟು ನೋಡ್ರಿ. ನಡುಗೋಡಿಯೊಳಗ ಇಟ್ಟು ನೋಡಿದ್ರ ಅರ್ಧಾನ ಗೊತ್ತಾಗತದ.

ತಿಲಕವಾಡಿ_ಮನಿ
ಆಗಲಿ. ಇವತ್ತ ಹಲಗಿ ಚೌಕಟ್ಟಿಗೆ ಆನಿಸಿ ಇಟ್ಟೀನಿ, ನವೆಂಬರ್ ತನಕ ಅಲ್ಲೇ ಇರಲಿ, ಮೋಡದ ಬೆಳಕು, ತಿಳಿ ಆಕಾಶದ ಬೆಳಕು ಎರಡರಾಗೂ ನೋಡತೀನಿ. ಅಂಗಳದ ಹುಲ್ಲು ನಾಳೆ ಕೊಯ್ಯಿಸತೀನಿ.

ಘಟಪ್ರಭಾ_ದಂಡಿ
ನಿಮ್ಮ ಉಳಿದ ಕೂಲ್ ಗ್ರೇ ಡಬ್ಬಿ ಎಷ್ಟಿದೆ? ನನಗೆ ಕೊಡ್ತೀರಾ? ಪಶ್ಚಿಮದ ಗೋಡೆಗೆ ಒಂದು ಹಲಗೆ ಮಾಡಿ ನೋಡಬೇಕು.

ತಿಲಕವಾಡಿ_ಮನಿ
ಒಂದೂವರಿ ಲೀಟರ್ ಐತಿ ಅಕ್ಕಾರ. ಗೋಕಾಕದ ಬಸ್ಸಿಗೆ ಯಾರಾದರೂ ಹೊಂಟ್ರ ಕಳಸತೀನಿ, ಮುಚ್ಚಳದ ಚೀಟಿ ಕೀಳಬ್ಯಾಡ್ರಿ.